ಮೊದಲ ಅರ್ಧ ನಿಮಿಷದ ವಕೀಲಿಕೆ

ಕಾನೂನು ಕಾಲೇಜುಗಳ ಮೂಟ್ ಕೋರ್ಟಿಗೆ ಜಡ್ಜ್ ಆಗಿ ಬನ್ನಿ ಅಂತ ಕರೆದರೆ ನಾನು ಇಲ್ಲ ಅನ್ನುವುದಿಲ್ಲ. ಊಟದ ಆಸೆಗೆ ಅಂತ ಮನೆಯವರ ಗುಮಾನಿ. ನಿಜ ಹೇಳಬೇಕೆಂದರೆ ನನಗೆ ರುಚಿಸುವುದು ವಾದ ಶುರುವಾಗುವ ಮೊದಲಿನ ಅರ್ಧ ನಿಮಿಷ. ಮಕ್ಕಳ ಬಂಡವಾಳವೆಲ್ಲ ಅಲ್ಲೇ ಬಯಲಾಗುತ್ತದೆ.

ಒಬ್ಬ ಎದ್ದವನೇ “ಗುಡ್ ಮಾರ್ನಿಂಗ್ ಮೈ ಲಾರ್ಡ್, ಮೈಸೆಲ್ಫ್...” ಅಂತ ಹೆಸರು, ಊರು, ಕಾಲೇಜು ಎಲ್ಲ ಒಪ್ಪಿಸಿಬಿಡುತ್ತಾನೆ, ಹೆಣ್ಣು ನೋಡಲು ಬಂದವನ ಹಾಗೆ. ಅಯ್ಯಾ ಪುಣ್ಯಾತ್ಮ, ಯಾವ ಕಾಲೇಜು ಅಂತ ನಮಗೆ ಗೊತ್ತಾಗಬಾರದು ಅಂತಲೇ ತಂಡಕ್ಕೊಂದು ಕೋಡ್ ಕೊಟ್ಟಿರುತ್ತಾರೆ! ಎಷ್ಟೋ ಸ್ಪರ್ಧೆಗಳಲ್ಲಿ ಇಷ್ಟಕ್ಕೇ ಅಂಕ ಹೋಗುತ್ತದೆ, ತಂಡವೇ ಹೊರಗೆ ಹೋಗುವುದೂ ಉಂಟು. ಇನ್ನೊಬ್ಬಳು ನಾವು ಕಾಗದದಿಂದ ತಲೆ ಎತ್ತುವ ಮೊದಲೇ ಎರಡನೇ ಪ್ಯಾರಾಕ್ಕೆ ಬಂದಿರುತ್ತಾಳೆ. ಪೋಡಿಯಂ ಹತ್ತಿರ ಬರಲು ಅನುಮತಿ ಕೇಳಬೇಕು, ಪೀಠ ತಲೆಯಾಡಿಸುವವರೆಗೆ ಕಾಯಬೇಕು. ಆಮೇಲೆ ಬಾಯಿ.

ಆ ಬಾಯಿಂದ ಬರಬೇಕಾದ್ದಾದರೂ ಎಷ್ಟು? ಸಮಸ್ಯೆ ಹೀಗಿದೆ ಅಂದುಕೊಳ್ಳಿ: ಒಂದು ನಗರಸಭೆ ಸಮೀಕ್ಷೆಯನ್ನೇ ಮಾಡದೆ ಬೀದಿ ಬದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿದೆ, ಅವರು ಹೈಕೋರ್ಟಿಗೆ ರಿಟ್ ಹಾಕಿದ್ದಾರೆ. ವಿವಾದಾಂಶ ಮೂರು. ರಿಟ್ ನಿಲ್ಲುತ್ತದೆಯೇ, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ 3(3)ನೇ ಕಲಂ ಮುರಿದಿದೆಯೇ, ಜೀವನೋಪಾಯದ ಹಕ್ಕಿಗೆ ಧಕ್ಕೆಯಾಗಿದೆಯೇ. ತಂಡಕ್ಕೆ ಒಟ್ಟು 25 ನಿಮಿಷ. ಆಗ ಮೊದಲ ವಕೀಲೆ ಹೇಳಬೇಕಾದ್ದು ಇಷ್ಟೇ: “ಮಾನ್ಯ ನ್ಯಾಯಪೀಠದ ಅಪ್ಪಣೆ ಕೋರುತ್ತಾ, ಅರ್ಜಿದಾರರ ಪರವಾಗಿ ಹಾಜರಾಗಿದ್ದೇನೆ. ಮೊದಲೆರಡು ವಿವಾದಾಂಶಗಳ ಮೇಲೆ ನಾನು 12 ನಿಮಿಷ, ಮೂರನೆಯದರ ಮೇಲೆ ನನ್ನ ಸಹವಕೀಲರು 11 ನಿಮಿಷ ನಿವೇದಿಸಿಕೊಳ್ಳುತ್ತೇವೆ. ಉಳಿದ 2 ನಿಮಿಷ ಪ್ರತ್ಯುತ್ತರಕ್ಕೆ ಕಾಯ್ದಿರಿಸಬೇಕೆಂದು ಕೋರಿಕೆ.” ಮುಗಿಯಿತು. ಪಕ್ಕದಲ್ಲಿ ಕೂತ ರಿಸರ್ಚರ್‌ನ ಹೆಸರೆತ್ತುವ ಹಾಗಿಲ್ಲ. ಪಾಪ, ಅವನದು ಚೀಟಿ ದಾಟಿಸುವ ಕೆಲಸ.

ಇದೆಲ್ಲ ಬರೀ ಶಿಷ್ಟಾಚಾರ ಅಂದುಕೊಳ್ಳಬೇಡಿ. ಯಾರ ಪಾಲಿಗೆ ಯಾವ ವಿವಾದಾಂಶ ಅಂತ ನಾವು ಅಂಕಪಟ್ಟಿಯ ಅಂಚಿನಲ್ಲಿ ಆಗಲೇ ಗೀಚಿಕೊಂಡಿರುತ್ತೇವೆ. ಎಂಟನೇ ನಿಮಿಷಕ್ಕೆ ನಾನು ಬೇಕೆಂದೇ ಮೊದಲ ವಕೀಲೆಗೆ ಕೇಳುತ್ತೇನೆ, “ಜೀವನೋಪಾಯದ ಹಕ್ಕಿಗೆ ಮಿತಿಯೇ ಇಲ್ಲವೇನಮ್ಮ?” ಅದು ಸಹವಕೀಲರ ಪಾಲು. ಜಾಣೆಯಾದರೆ 1985ರ ಓಲ್ಗಾ ಟೆಲ್ಲಿಸ್ ತೀರ್ಪಿನ ಮೇಲೆ ಒಂದು ವಾಕ್ಯ ಹೇಳಿ, ವಿವರವನ್ನು ಸಹವಕೀಲರು ನಿವೇದಿಸುತ್ತಾರೆ ಅನ್ನುತ್ತಾಳೆ. ಅತಿ ಜಾಣೆ ಎಲ್ಲ ಪ್ರಶ್ನೆಯನ್ನೂ ಅತ್ತಲೇ ತಳ್ಳುತ್ತಾಳೆ. ಆದರೆ “ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸಬಾರದು ಅಂತ ಕಾಯ್ದೆ ಹೇಳುತ್ತದಾ?” ಅಂದಾಗಲೂ ಸಹವಕೀಲರತ್ತ ಕೈ ತೋರಿಸಿದರೆ ಸಿಕ್ಕಿಬಿದ್ದಳು. ಅದು 3(3), ಅವಳೇ ಬಾಯಾರೆ ಹಂಚಿಕೊಂಡ ಪಾಲು!

ಪ್ರತ್ಯುತ್ತರದ ಎರಡು ನಿಮಿಷವೂ ಹಾಗೇ. ಬಹಳ ಕಡೆ ಆರಂಭದಲ್ಲಿ ಕೇಳದಿದ್ದರೆ ಕೊನೆಗೆ ಸಿಗುವುದಿಲ್ಲ. ಎದುರಾಳಿ ಹಸಿ ಸುಳ್ಳು ಹೇಳಿ ಕೂತರೂ ಇವರು ಹಲ್ಲು ಕಚ್ಚಿಕೊಂಡು ಕೇಳಬೇಕು. ಕೋರ್ಟ್ ಆಫೀಸರ್‌ಗೆ ಕೊಟ್ಟ ಚೀಟಿಯಲ್ಲಿ ಒಂದು ಲೆಕ್ಕ, ಬಾಯಲ್ಲಿ ಇನ್ನೊಂದು ಲೆಕ್ಕ ಇದ್ದರಂತೂ ಗಂಟೆ ಬಾರಿಸುವವನಿಗೂ ತಲೆಬಿಸಿ.

ಇನ್ನು ಸಂಬೋಧನೆ. ಮೇಲಿನ ಕೋರ್ಟುಗಳಲ್ಲಿ ‘ಯುವರ್ ಆನರ್’ ಅನ್ನಿ, ಇಲ್ಲವೇ ‘ಆನರಬಲ್ ಕೋರ್ಟ್’ ಅನ್ನಿ ಅಂತ ಬಾರ್ ಕೌನ್ಸಿಲ್ 2006ರಲ್ಲೇ ಹೇಳಿತು. ಹೀಗಿದ್ದೂ 2021ರಲ್ಲಿ ಕಾನೂನು ವಿದ್ಯಾರ್ಥಿಯೊಬ್ಬ ಸುಪ್ರೀಂ ಕೋರ್ಟಿನಲ್ಲಿ ‘ಯುವರ್ ಆನರ್’ ಅಂದದ್ದಕ್ಕೆ, ಆಗಿನ ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೋಬ್ಡೆ ಅವರು, ನಿಮ್ಮ ಮನಸ್ಸಿನಲ್ಲಿರುವುದು ಅಮೆರಿಕದ ಸುಪ್ರೀಂ ಕೋರ್ಟೋ ಇಲ್ಲಿನ ಮ್ಯಾಜಿಸ್ಟ್ರೇಟೋ ಅಂತ ಕಾಲೆಳೆದರು. ಹುಡುಗರು ಏನು ತಾನೇ ಮಾಡಬೇಕು? ನನ್ನ ಕೇಳಿದರೆ, ಸ್ಪರ್ಧೆಯ ನಿಯಮಾವಳಿ ಏನನ್ನುತ್ತದೋ ಅದನ್ನನ್ನಿ, ಅಂದದ್ದನ್ನೇ ಕೊನೆಯವರೆಗೂ ಅನ್ನಿ. ಪೀಠದಲ್ಲಿ ಹೆಂಗಸರಿದ್ದಾರಾ ಅಂತ ಒಮ್ಮೆ ಕಣ್ಣು ಹಾಯಿಸಿ. ಉಸಿರಿಗೊಂದು ‘ಮಚ್ ಆಬ್ಲೈಜ್ಡ್’ ಮಾತ್ರ ಬೇಡ, ನಮಗೇ ಸಾಲಗಾರರ ಮುಂದೆ ಕೂತ ಹಾಗಾಗುತ್ತದೆ.

ಪ್ರತಿವಾದಿ ತಂಡದ್ದು ಬೇರೆಯೇ ಕಥೆ. ಬೆಳಗ್ಗಿನ ಸುತ್ತಿನಲ್ಲಿ ಅರ್ಜಿದಾರರ ಪರ ವಾದಿಸಿದವರೇ ಮಧ್ಯಾಹ್ನ ನಗರಸಭೆಯ ಪರ ನಿಲ್ಲಬೇಕು. ಊಟವಾದ ಮೇಲೆ ಒಬ್ಬ ಎದ್ದು, ಗತ್ತಿನಿಂದ ಕೋಟು ಸರಿಮಾಡಿಕೊಂಡು, “ಅರ್ಜಿದಾರರ ಪರವಾಗಿ ಹಾಜರಾಗಿದ್ದೇನೆ” ಅಂದ. ನನ್ನ ಪಕ್ಕದ ಜಡ್ಜ್ ಕನ್ನಡಕ ಇಳಿಸಿ, “ಹಾಗಾದರೆ ರಾಜಿ ಆಯಿತು ಅಂತ ಬರೆದುಕೊಳ್ಳಲೇ?” ಅಂದರು.