ಸಿಂಹಕ್ಕೇ ಮೀಸಲಾದ ಸೊನ್ನೆ

ನಮ್ಮ ಚಿಕ್ಕಪ್ಪನ ಮಗನದು ಹುಬ್ಬ ನಕ್ಷತ್ರ, ಸಿಂಹ ರಾಶಿ. ಬಂದ ಹುಡುಗಿಯ ಜಾತಕ ಶ್ರವಣ, ಮಕರ. ಜೋಯಿಸರು ನಾಡಿಗೆ 8ಕ್ಕೆ 8 ಕೊಟ್ಟಾಗ ಚಿಕ್ಕಮ್ಮ ಅವರ ತಟ್ಟೆಗೆ ಇನ್ನೊಂದು ಚಕ್ಕುಲಿ ಇಟ್ಟರು. ಆಮೇಲೆ ಭಕೂಟಕ್ಕೆ ಸೊನ್ನೆ, ಗ್ರಹಮೈತ್ರಿಗೂ ಸೊನ್ನೆ. 36 ಗುಣಗಳಲ್ಲಿ 12 ಅಲ್ಲೇ ಖೋತಾ. ಚಕ್ಕುಲಿ ಡಬ್ಬಿಯ ಮುಚ್ಚಳ ಬಿತ್ತು.

ವರ್ಣಕೂಟಕ್ಕೆ 1 ಗುಣವಾದರೆ ಗ್ರಹಮೈತ್ರಿಗೆ 5, ಭಕೂಟಕ್ಕೆ 7. ಈ ಎರಡನ್ನೂ ನೋಡುವುದು ಚಂದ್ರನಿರುವ ರಾಶಿಯಿಂದ. ಚಂದ್ರನೆಂದರೆ ಮನಸ್ಸು, ಮಿಕ್ಕಿದ್ದು ಹೊಂದದಿದ್ದರೂ ಸಂಸಾರ ಸಾಗೀತು, ಮನಸ್ಸೇ ಹೊಂದದಿದ್ದರೆ ಹೇಗೆ ಎಂಬುದು ವಾದ.

ಭಕೂಟ ಬಲು ಕಟ್ಟುನಿಟ್ಟು. ಕೊಟ್ಟರೆ 7, ಇಲ್ಲವೇ ಸೊನ್ನೆ. ಒಬ್ಬರ ರಾಶಿಯಿಂದ ಇನ್ನೊಬ್ಬರದು 2-12 ಆದರೆ ದಾರಿದ್ರ್ಯ, 5-9 ಆದರೆ ಸಂತಾನಕ್ಕೆ ತೊಂದರೆ, 6-8 ಆದರೆ ರೋಗ, ಕಲಹ, ಮೃತ್ಯುಭಯವೂ ಉಂಟು ಎನ್ನುತ್ತಾರೆ. ಹನ್ನೆರಡು ರಾಶಿಗಳಲ್ಲಿ ಆರು ಈ ಲೆಕ್ಕಕ್ಕೇ ಸಿಕ್ಕಿಬೀಳುತ್ತವೆ. ಹಾಗೆಂದು ಅರ್ಧ ಊರನ್ನು ಮದುವೆಯಿಲ್ಲದೆ ಕೂರಿಸಲಾದೀತೇ? ಅದಕ್ಕೇ ಪರಿಹಾರವನ್ನೂ ಇಟ್ಟಿದ್ದಾರೆ: ರಾಶ್ಯಧಿಪತಿ ಒಬ್ಬನೇ ಆದರೆ, ಇಲ್ಲವೇ ಇಬ್ಬರೂ ಮಿತ್ರರಾದರೆ ದೋಷ ಮಾಫಿ. ಮೇಷ-ವೃಶ್ಚಿಕ 6-8 ಆದರೂ ಎರಡಕ್ಕೂ ಕುಜನೇ ಯಜಮಾನ. ಸಿಂಹ-ಮೀನವೂ 6-8, ಆದರೆ ರವಿ-ಗುರು ಸ್ನೇಹಿತರು.

ಗ್ರಹಮೈತ್ರಿ ಧಾರಾಳಿ. ಬುಧ ಚಂದ್ರನನ್ನು ಶತ್ರು ಎನ್ನುತ್ತಾನೆ, ಪಾಪದ ಚಂದ್ರ ಬುಧನನ್ನು ಮಿತ್ರ ಎನ್ನುತ್ತಾನೆ. ಆ ಒನ್‌ಸೈಡ್ ಪ್ರೀತಿಗೂ 1 ಗುಣ. ಕುಜನಿಗೆ ಬುಧನೆಂದರೆ ಆಗದು, ಬುಧನಿಗೆ ಅದರ ಪರಿವೆಯೇ ಇಲ್ಲ, ಅದಕ್ಕೂ ಅರ್ಧ. ಪೂರ್ತಿ ಸೊನ್ನೆ ಬೀಳಲು ಹಗೆತನ ಎರಡೂ ಕಡೆಯಿಂದ ಇರಬೇಕು. ಅಂಥ ಹಗೆ ಇರುವುದು ರವಿಗೆ ಮಾತ್ರ, ಶುಕ್ರ ಮತ್ತು ಶನಿಯ ಜೊತೆ. ರವಿಗಿರುವುದು ಸಿಂಹವೊಂದೇ ಮನೆ. ಹಾಗಾಗಿ ಜೋಡಿಯಲ್ಲಿ ಒಬ್ಬರು ಸಿಂಹದವರಾಗದೆ ಈ ಸೊನ್ನೆ ಯಾರಿಗೂ ಸಿಗದು! ಗಂಡ ಏರಿಗೆಳೆದರೆ ಹೆಂಡತಿ ನೀರಿಗೆಳೆಯುವುದು ಇದರ ಫಲವಂತೆ. ವೃಷಭ, ತುಲಾ, ಕುಂಭ ಬಂದರೆ ಭಕೂಟದ 7 ಆದರೂ ಸಿಂಹದ ಕೈಸೇರುತ್ತದೆ. ಮಕರ ಬಂದರೆ ಅದೂ ಇಲ್ಲ.

"ಶನಿ ರವಿಯ ಮಗನೇ ಅಲ್ಲವೇ ಜೋಯಿಸರೇ? ಅಪ್ಪ-ಮಗನ ಜಗಳಕ್ಕೆ ನಮ್ಮ ಹುಡುಗ ಯಾಕೆ ಬ್ರಹ್ಮಚಾರಿ ಆಗಬೇಕು?" ಎಂದು ಚಿಕ್ಕಪ್ಪ ಕೇಳಿದರು.

ಜೋಯಿಸರು ನವಾಂಶ ತೆಗೆದರು. ಹುಬ್ಬ ಎರಡನೇ ಪಾದ ಕನ್ಯಾ ನವಾಂಶ, ಶ್ರವಣ ಮೂರನೇ ಪಾದ ಮಿಥುನ. ಎರಡಕ್ಕೂ ಬುಧನೇ ಒಡೆಯ, ದೋಷಕ್ಕೆ ಪರಿಹಾರವಾಯಿತು. ಚಿಕ್ಕಮ್ಮ ಡಬ್ಬಿ ಮತ್ತೆ ತೆರೆದರು.

ಒಂದು ಪಾದಕ್ಕೆ ಸುಮಾರು ಆರು ಗಂಟೆ. ಹುಡುಗಿಯ ಅಜ್ಜಿ ಬರೆಸಿದ ಜನ್ಮಸಮಯ "ಹಾಲು ಕರೆಯೋ ಹೊತ್ತು." ಬೆಳಗಿನದೋ ಸಂಜೆಯದೋ? ಬೀಗರಾಗಬೇಕಾದವರು ಈಗ ಆಸ್ಪತ್ರೆಯ ಹಳೇ ರಿಜಿಸ್ಟರು ಹುಡುಕಿಸುತ್ತಿದ್ದಾರೆ.