ನಿಗದಿತ ಶುಲ್ಕ ಮಹಾಶಯರಿಗೊಂದು ಬಹಿರಂಗ ಪತ್ರ

ಕರೆಂಟು ಬಿಲ್ಲಿನ ಖಾಯಂ ನಿವಾಸಿಗಳಾದ ಶ್ರೀಮಾನ್ ನಿಗದಿತ ಶುಲ್ಕ ಅವರಿಗೆ, ಮಂಗಳೂರಿನ ಒಬ್ಬ ಗ್ರಾಹಕ ಮಾಡುವ ನಮಸ್ಕಾರಗಳು.

ನೀವು ಕ್ಷೇಮವಾಗಿರುವುದು ನಮಗೆ ಪ್ರತಿ ತಿಂಗಳೂ ಗೊತ್ತಾಗುತ್ತಿದೆ. ನಾವು ಊರಲ್ಲಿದ್ದರೂ ಇಲ್ಲದಿದ್ದರೂ, ಫ್ಯಾನು ತಿರುಗಿದರೂ ತಿರುಗದಿದ್ದರೂ, ಗಾಳಿಮಳೆಗೆ ಮರ ಬಿದ್ದು ಇಡೀ ರಾತ್ರಿ ಕರೆಂಟೇ ಇಲ್ಲದಿದ್ದರೂ ನಿಮ್ಮ ಆರೋಗ್ಯಕ್ಕೆ ಒಂದಿಷ್ಟೂ ಕುಂದಿಲ್ಲ. ಮೀಟರ್ ಓದುವ ಹುಡುಗ ಗೇಟಿನ ಸರಳಿಗೆ ಸಿಕ್ಕಿಸಿ ಹೋಗುವ ಆ ಉದ್ದನೆಯ ಚೀಟಿಯಲ್ಲಿ ಆರ್‌ಆರ್ ಸಂಖ್ಯೆ, ಮಂಜೂರಾದ ಹೊರೆ, ಇಂದಿನ ಮಾಪನ, ಹಿಂದಿನ ಮಾಪನ ಎಲ್ಲ ದಾಟಿ ಕೆಳಗೆ ಬಂದರೆ ಹಣದ ಪಟ್ಟಿಯಲ್ಲಿ ಮೊದಲು ಕೂತವರು ನೀವೇ. ಜೂನ್ ತಿಂಗಳ ಬಿಲ್ಲು ಎರಡು ಹನಿ ಮಳೆಗೆ ಅರ್ಧ ಅಳಿಸಿ ಹೋಗುತ್ತದೆ. ಆದರೂ ಮೊತ್ತ ಮಾತ್ರ ಹೇಗೋ ಓದಲು ಬರುತ್ತದೆ, ಮಾರಾಯರೇ.

ವಿಷಯಕ್ಕೆ ಬರುತ್ತೇನೆ. 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ದರ ಆದೇಶ ಬಂದಾಗ ನಮ್ಮ ಬೀದಿಯಲ್ಲಿ ಸಣ್ಣ ಸಂಭ್ರಮವೇ ಆಯಿತು. ಮನೆ ಬಳಕೆಯ ಯುನಿಟ್ ದರ 5.90 ರೂಪಾಯಿಯಿಂದ 5.80ಕ್ಕೆ ಇಳಿದಿತ್ತು. ಹತ್ತು ಪೈಸೆ ಇಳಿಕೆ! ಈ ಕಾಲದಲ್ಲಿ ಇಳಿಯುವುದು ಬಾವಿಯ ನೀರು ಮಾತ್ರ ಎಂದು ನಂಬಿದ್ದ ನಮಗೆ ಅದೊಂದು ಪವಾಡ. ಪಕ್ಕದ ಮನೆಯ ಬಾಯಮ್ಮ ಮಾತ್ರ, "ಯುನಿಟ್ಟಿಗೆ ಕಮ್ಮಿ ಆದ್ರೆ ಎಲ್ಲಿಯೋ ಜಾಸ್ತಿ ಆಗಿರ್ತದೆ, ನೀವು ಮೇಲಿನ ಸಾಲು ನೋಡಿ" ಎಂದರು. ಮೇಲಿನ ಸಾಲಿನಲ್ಲಿ ನೀವಿದ್ದಿರಿ. 2023-24ರಲ್ಲಿ ಪ್ರತಿ ಕಿಲೋವ್ಯಾಟಿಗೆ 110 ರೂಪಾಯಿ ಇದ್ದವರು, ಮರುವರ್ಷ 120 ಆಗಿ, 2025-26ಕ್ಕೆ ಒಂದೇ ನೆಗೆತದಲ್ಲಿ 145ಕ್ಕೆ ಏರಿದ್ದಿರಿ.

ಲೆಕ್ಕ ಹಾಕಿಯೇ ಬಿಡೋಣ. ಮೂರು ಕಿಲೋವ್ಯಾಟ್ ಮಂಜೂರಾದ ಒಂದು ಮನೆ, ತಿಂಗಳಿಗೆ ನೂರು ಯುನಿಟ್ ಬಳಕೆ ಎಂದಿಟ್ಟುಕೊಳ್ಳಿ. ಗೃಹಜ್ಯೋತಿಯನ್ನೂ ಇಂಧನ ಹೊಂದಾಣಿಕೆಯನ್ನೂ ಸದ್ಯಕ್ಕೆ ಬದಿಗಿಡೋಣ. ಹಳೆಯ ದರದಲ್ಲಿ ನಿಮಗೆ 360, ಯುನಿಟ್ಟುಗಳಿಗೆ 590, ಆ 590ರ ಮೇಲೆ ಶೇಕಡಾ 9ರ ತೆರಿಗೆ 53 ರೂಪಾಯಿ 10 ಪೈಸೆ. ಒಟ್ಟು 1,003 ರೂಪಾಯಿ 10 ಪೈಸೆ. ಹೊಸ ದರದಲ್ಲಿ ನಿಮಗೆ 435, ಯುನಿಟ್ಟುಗಳಿಗೆ 580, ತೆರಿಗೆ 52 ರೂಪಾಯಿ 20 ಪೈಸೆ. ಜೊತೆಗೆ ಅದೇ ಏಪ್ರಿಲ್‌ನಿಂದ ವಿದ್ಯುತ್ ನಿಗಮಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯುನಿಟ್ಟಿಗೆ 36 ಪೈಸೆಯ ಹೊಸ ಸರ್ಚಾರ್ಜು, ಅಂದರೆ 36 ರೂಪಾಯಿ. ಒಟ್ಟು 1,103 ರೂಪಾಯಿ 20 ಪೈಸೆ. ದರ ಇಳಿದ ಸಂತೋಷಕ್ಕೆ ನಾವು ತಿಂಗಳಿಗೆ ನೂರು ರೂಪಾಯಿ ಹೆಚ್ಚು ಕೊಟ್ಟೆವು.

ಪಿಂಚಣಿಯ ಸರ್ಚಾರ್ಜನ್ನು ಪೂರಾ ಮರೆತರೂ ನಿಮ್ಮ ಲೀಲೆ ಅರ್ಥವಾಗುವುದು ಸುಲಭವಲ್ಲ. ನೀವು ಹೆಚ್ಚು ಕೇಳಿದ್ದು ತಿಂಗಳಿಗೆ 75 ರೂಪಾಯಿ. ಯುನಿಟ್ಟಿನಲ್ಲಿ ನಮಗೆ ಉಳಿಯುವುದು ತೆರಿಗೆ ಸೇರಿ ಸುಮಾರು 11 ಪೈಸೆ. ಆ 75 ರೂಪಾಯಿ ವಾಪಸು ಗಿಟ್ಟಿಸಬೇಕಾದರೆ ಮೂರು ಕಿಲೋವ್ಯಾಟಿನ ಮನೆಯವರು ತಿಂಗಳಿಗೆ ಸುಮಾರು 688 ಯುನಿಟ್ ಸುಡಬೇಕು. ಲೈಟು ಆರಿಸಿ, ಸೆಕೆಗೆ ಬೀಸಣಿಗೆ ಹಿಡಿದು ಕೂತ ಮಿತವ್ಯಯಿಗೆ ದಂಡ, ಹಗಲೂ ರಾತ್ರಿ ಏಸಿ ಹಾಕಿದವನಿಗೆ ರಿಯಾಯಿತಿ. ವಿದ್ಯುತ್ ಉಳಿಸಿ ಎಂಬ ಬೋರ್ಡುಗಳನ್ನು ಇನ್ನಾದರೂ ಇಳಿಸಬಹುದೋ ಏನೋ.

ನಿಮ್ಮ ಬಗ್ಗೆ ಅನ್ಯಾಯದ ಮಾತು ಆಡಬಾರದು. ನೀವು ಸುಮ್ಮನೆ ಹುಟ್ಟಿದವರಲ್ಲ ಎಂಬುದು ನನಗೆ ಗೊತ್ತು. ಕಂಬ, ತಂತಿ, ಟ್ರಾನ್ಸ್‌ಫಾರ್ಮರು ನಾವು ಸ್ವಿಚ್ಚು ಒತ್ತದಿದ್ದರೂ ನಿಂತೇ ಇರುತ್ತವೆ. ಆಟಿಯ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನಿಗೆ ಯುನಿಟ್ ಲೆಕ್ಕದಲ್ಲಿ ಸಂಬಳ ಕೊಡಲಾಗದು. ಸಗಟು ಖರೀದಿಯಲ್ಲೂ ಇದೇ ಕಥೆ: ನಮ್ಮ ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆಯಲ್ಲ, ಅಂಥ ಸ್ಥಾವರಗಳೊಡನೆ ಮಾಡಿಕೊಳ್ಳುವ ದೀರ್ಘಾವಧಿ ಒಪ್ಪಂದಗಳಲ್ಲಿ ಸಾಮರ್ಥ್ಯಕ್ಕೊಂದು ಶುಲ್ಕ, ಇಂಧನಕ್ಕೊಂದು ಶುಲ್ಕ ಎಂದು ಎರಡು ಭಾಗ ಇರುತ್ತವೆ. ಯಂತ್ರ ಓಡಲು ತಯಾರಿದ್ದರೆ ಸಾಕು, ವಿದ್ಯುತ್ ಎಳೆಯದಿದ್ದರೂ ಮೊದಲನೆಯದನ್ನು ಕೊಡಲೇಬೇಕು. ಮೆಸ್ಕಾಂ ಅಲ್ಲಿ ಕೊಡುವುದನ್ನು ನಮ್ಮಿಂದ ಕೇಳುತ್ತದೆ. ತಕರಾರು ನಿಮ್ಮ ಹುಟ್ಟಿನ ಬಗ್ಗೆ ಅಲ್ಲ, ನಿಮ್ಮನ್ನು ಯಾರ ತಲೆಗೆ ಎಷ್ಟು ಕಟ್ಟುತ್ತಾರೆ ಎಂಬುದರ ಬಗ್ಗೆ.

ಯಾಕೆಂದರೆ ನೀವು ನಮ್ಮ ಬಳಕೆಯನ್ನು ನೋಡುವುದೇ ಇಲ್ಲ. ನೋಡುವುದು ಮಂಜೂರಾದ ಹೊರೆಯನ್ನು. ಅದನ್ನು ಬರೆದವರು ಯಾರು? ಮನೆ ಕಟ್ಟಿದ ಕಾಲದಲ್ಲಿ ಅರ್ಜಿ ತುಂಬಿದ ಎಲೆಕ್ಟ್ರಿಕಲ್ ಕಂಟ್ರಾಕ್ಟರು. ಗೀಸರು ಎರಡು ಕಿಲೋವ್ಯಾಟ್, ಏಸಿ ಒಂದೂವರೆ, ಬಾವಿಯ ಒಂದು ಎಚ್‌ಪಿ ಪಂಪಿಗೆ ಮುಕ್ಕಾಲು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಂದು ಕೂಡಿಸಿ, "ಇರಲಿ, ಮುಂದಕ್ಕೆ ಬೇಕಾಗ್ತದೆ" ಎಂದು ಐದು ಬರೆದು ಹೋದ. ಆಗ ಆ ಅಂಕಿಗೆ ಇಷ್ಟು ಬೆಲೆ ಇರಲಿಲ್ಲ. 2025-26ರ ದರದಲ್ಲಿ ಪ್ರತಿ ಕಿಲೋವ್ಯಾಟಿಗೆ ವರ್ಷಕ್ಕೆ 1,740 ರೂಪಾಯಿ ಆಯಿತು.

ಮಂಗಳೂರಿನಲ್ಲಿ ಇದರ ಬಿಸಿ ಹೆಚ್ಚು ತಾಗುವುದು ಬೀಗ ಹಾಕಿದ ಮನೆಗಳಿಗೆ. ಮಕ್ಕಳು ದುಬೈಯಲ್ಲಿ, ಅಪ್ಪ-ಅಮ್ಮ ಮುಂಬೈಯಲ್ಲಿ; ಕದ್ರಿಯ ಫ್ಲ್ಯಾಟಿನಲ್ಲಿ ಇರುವುದು ಮುಚ್ಚಿದ ಕಿಟಕಿ ಮತ್ತು ನೀವು. ಬಳಕೆ ಸೊನ್ನೆ, ತೆರಿಗೆ ಸೊನ್ನೆ, ಸರ್ಚಾರ್ಜು ಸೊನ್ನೆ. 2025-26ರ ದರದಲ್ಲಿ ಐದು ಕಿಲೋವ್ಯಾಟಿಗೆ ನಿಮ್ಮ 725 ಮಾತ್ರ ತಿಂಗಳು ತಿಂಗಳೂ ಹಾಜರು, ವರ್ಷಕ್ಕೆ 8,700. ಒಬ್ಬರ ಹೆಸರಿನಲ್ಲಿ ಎಷ್ಟು ಮೀಟರಿದ್ದರೂ ಗೃಹಜ್ಯೋತಿ ಸಿಗುವುದು ಒಂದಕ್ಕೇ, ಆದ್ದರಿಂದ ಎರಡನೆಯ ಮನೆಯಲ್ಲಿ ನೀವು ನಿಶ್ಚಿಂತೆಯಿಂದ ಕಾಲು ಚಾಚಬಹುದು.

ಗೃಹಜ್ಯೋತಿ ಇರುವ ಮನೆಗಳಲ್ಲಿ ನೀವು ಅಡಗಿ ಕೂತಿರುತ್ತೀರಿ. 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇಕಡಾ 10 ಸೇರಿಸಿ ಅರ್ಹತೆಯ ಮಿತಿ ಕೊಟ್ಟಿದ್ದಾರೆ. ಅದರೊಳಗೆ ನಿಂತರೆ ಬಿಲ್ಲು ಸೊನ್ನೆ, ಮೀರಿದರೆ 200ರ ತನಕ ಹೆಚ್ಚುವರಿಗಷ್ಟೇ ಹಣ. ಮೇ ತಿಂಗಳ ಸೆಕೆಗೆ ಮೀಟರು 201 ತೋರಿಸಿತೋ, ನೀವು ಪರಿವಾರ ಸಮೇತ ಹೊರಗೆ ಬರುತ್ತೀರಿ. 2025-26ರ ದರದಲ್ಲಿ ಮೂರು ಕಿಲೋವ್ಯಾಟಿನ ಮನೆಗೆ ನಿಮ್ಮ 435, ಯುನಿಟ್ಟುಗಳ 1,165 ರೂಪಾಯಿ 80 ಪೈಸೆ, ತೆರಿಗೆ ಸುಮಾರು 105, ಸರ್ಚಾರ್ಜು 72. ಹೆಚ್ಚುಕಡಿಮೆ 1,778 ರೂಪಾಯಿ. ದಿನಕ್ಕೆ ಆರೂವರೆ ಯುನಿಟ್ ಬಳಸುವ ಮನೆಗೆ 30 ದಿನಕ್ಕೆ ಓದಿದರೆ 195, 32 ದಿನಕ್ಕೆ ಓದಿದರೆ 208. ಹಾಗಾಗಿ ಬಿಲ್ಲು ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ಎರಡು ಓದಿನ ತಾರೀಕು ನೋಡುವ ಅಭ್ಯಾಸ ಒಳ್ಳೆಯದು.

ನಿಮ್ಮ ನೆರೆಯವರ ಬಗ್ಗೆಯೂ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಅವರಿಗೆ ಬೇಸರವಾದೀತು. ತೆರಿಗೆಯವರು ಹಿರಿಯರು, 1959ರ ಕಾಯ್ದೆಯವರು. ಅವರು ಕಟ್ಟಿಸಿಕೊಳ್ಳುವುದು ವಿದ್ಯುತ್ ಕಂಪನಿಗಲ್ಲ, ರಾಜ್ಯ ಸರ್ಕಾರಕ್ಕೆ. ನಿಮ್ಮ ಮೇಲೆ ಅವರ ಕಣ್ಣು ಬಿದ್ದಿಲ್ಲ, ಅದು ನಿಮ್ಮ ಪುಣ್ಯ. ಇಂಧನ ಹೊಂದಾಣಿಕೆಯವರು ಮಾತ್ರ ತಿಂಗಳಿಗೊಂದು ವೇಷ ಹಾಕುವವರು; ಯಾವುದೋ ಹಿಂದಿನ ತಿಂಗಳಲ್ಲಿ ವಿದ್ಯುತ್ ಕೊಂಡ ಬೆಲೆ ಅಂದಾಜಿಗಿಂತ ಹೆಚ್ಚಾಗಿದ್ದರೆ ಈಗ ಸೇರುತ್ತಾರೆ, ಕಡಿಮೆಯಾಗಿದ್ದರೆ ಕಳೆಯುತ್ತಾರೆ. ಕಳೆದ ತಿಂಗಳೂ ಈ ತಿಂಗಳೂ ಅಷ್ಟೇ ಯುನಿಟ್ ಬಳಸಿ, ಮೊತ್ತ ಯಾಕೆ ಬೇರೆ ಎಂದು ಮೀಟರನ್ನು ಬೈಯುವವರು ಮೊದಲು ಇವರನ್ನು ವಿಚಾರಿಸಬೇಕು.

ಇನ್ನು ಡೋರ್ ಲಾಕ್. ಫ್ಲ್ಯಾಟುಗಳಲ್ಲಿ ಮೀಟರೆಲ್ಲ ಕೆಳಗಿನ ಪ್ಯಾನಲಿನಲ್ಲಿರುವುದರಿಂದ ತೊಂದರೆಯಿಲ್ಲ. ಗೇಟು ಹಾಕಿದ ಹಂಚಿನ ಮನೆಯ ಜಗಲಿಯಲ್ಲಿ ಮೀಟರಿದ್ದರೆ ಓದಲಾಗುವುದಿಲ್ಲ, ಹಿಂದಿನ ತಿಂಗಳುಗಳ ಸರಾಸರಿಗೆ ಬಿಲ್ಲು ಬರುತ್ತದೆ. ಮಾರ್ಚ್ ಓದು 4210, ಏಪ್ರಿಲ್‌ನಲ್ಲಿ ಮನೆಗೆ ಬೀಗ, ಸರಾಸರಿ 150 ಯುನಿಟ್ಟಿಗೆ ಬಿಲ್ಲು ಎಂದುಕೊಳ್ಳಿ. ಮೇ ತಿಂಗಳಲ್ಲಿ ಓದಿದಾಗ ಮೀಟರಿನಲ್ಲಿ ಇರುವುದು 4400. ಎರಡು ತಿಂಗಳಿಗೆ ಸೇರಿ ನಿಜವಾಗಿ ಸುಟ್ಟದ್ದು 190. ಅದರಲ್ಲಿ 150ಕ್ಕೆ ಆಗಲೇ ಹಣ ಕಟ್ಟಿಯಾಗಿದೆ, ಆದ್ದರಿಂದ ಈಗ ಕೊಡಬೇಕಾದದ್ದು 40 ಯುನಿಟ್ಟಿಗೆ. ಮೇ ಬಿಲ್ಲಿನಲ್ಲಿ ಪೂರಾ 190ಕ್ಕೂ ಹಣ ಹಾಕಿ, ಜಮಾ ಸಾಲಿನಲ್ಲಿ ಏನೂ ಕಾಣದಿದ್ದರೆ ಹೊಂದಾಣಿಕೆ ಆಗಿಲ್ಲ ಎಂದೇ ಅರ್ಥ. ಅದೂ ಅಲ್ಲದೆ 190 ಒಂದೇ ತಿಂಗಳ ಬಳಕೆಯಂತೆ ಕಂಡರೆ ಗೃಹಜ್ಯೋತಿಯ ಮಿತಿಗೂ ಕುತ್ತು. 2023-24ರಲ್ಲಂತೂ ಇದು ಇನ್ನೂ ಘೋರವಾಗಿತ್ತು. ಆಗ ನೂರು ಯುನಿಟ್ ತನಕ 4.75 ರೂಪಾಯಿ, ನೂರು ದಾಟಿದರೆ ಮೊದಲ ಯುನಿಟ್ಟಿನಿಂದಲೇ 7 ರೂಪಾಯಿ. ತಿಂಗಳಿಗೆ 60ರಂತೆ ಬಳಸಿದವರಿಗೆ ಎರಡು ತಿಂಗಳಿಗೆ 570 ಆಗಬೇಕಾದದ್ದು, ಭಾಗಿಸದೆ 120 ಎಂದು ಹಾಕಿದರೆ 840. ಆ ಮೆಟ್ಟಿಲನ್ನು 2024ರ ಏಪ್ರಿಲ್‌ನಿಂದ ತೆಗೆದುಹಾಕಿದರು. ಅಷ್ಟರ ಮಟ್ಟಿಗೆ ಆಯೋಗಕ್ಕೆ ಕೃತಜ್ಞರು.

ಅಂದಹಾಗೆ ಮಹಾಶಯರೇ, ನಿಮ್ಮನ್ನು ಸ್ವಲ್ಪ ಸಣಕಲು ಮಾಡುವ ಉಪಾಯ ಒಂದಿದೆ, ಅದನ್ನು ನಿಮ್ಮ ಎದುರೇ ಹೇಳುತ್ತೇನೆ. ಮಂಜೂರಾದ ಹೊರೆಯನ್ನು ತಗ್ಗಿಸಲು ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಐದನ್ನು ಮೂರಕ್ಕೆ ಇಳಿಸಿದರೆ 2025-26ರ ದರದಲ್ಲಿ ತಿಂಗಳಿಗೆ 290 ರೂಪಾಯಿ ಉಳಿತಾಯ. ಹಾಗೆಂದು ಮನೆಯಲ್ಲಿ ಗೀಸರು, ಏಸಿ, ಪಂಪು ಮೂರೂ ಒಟ್ಟಿಗೆ ಓಡುವುದಾದರೆ ಇಳಿಸಲು ಹೋಗಬಾರದು, ಒಟ್ಟು ನಾಲ್ಕೂಕಾಲು ಆಗುತ್ತದೆ. ಬಿಲ್ಲಿನಲ್ಲೇ ತಪ್ಪಿದ್ದರೆ 1912ಕ್ಕೆ ಫೋನು, ಆಮೇಲೆ ಉಪವಿಭಾಗಕ್ಕೆ ಬರಹದ ದೂರು, ಅಲ್ಲಿಯೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್. ಚೀಟಿಯ ಅಕ್ಷರ ಮಾಸುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಂಡರೆ ಈ ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ.

ನಿಮ್ಮನ್ನು ಏರಿಸುವ ಮೊದಲು ಆಯೋಗದವರು ಮೆಸ್ಕಾಂ ಅರ್ಜಿಯ ಮೇಲೆ ಮಂಗಳೂರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಸುತ್ತಾರೆ. ಆಕ್ಷೇಪಣೆ ಕರೆದು ಪತ್ರಿಕೆಗಳಲ್ಲಿ ಪ್ರಕಟಣೆಯೂ ಬರುತ್ತದೆ. ಅಲ್ಲಿ ಹೆಚ್ಚಿನವರು ಯುನಿಟ್ಟಿಗೆ ಎಷ್ಟು ಪೈಸೆ ಎಂದು ಜಗಳವಾಡುತ್ತಾರೆ, ನಿಮ್ಮ ಹೆಸರೆತ್ತುವವರು ಕಡಿಮೆ. ಈ ಪತ್ರ ಓದುವ ಊರಿನವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಪ್ರಕಟಣೆ ಬಂದಾಗ ಯುನಿಟ್ ದರದ ಕಾಲಂ ಬಿಟ್ಟು ಮೊದಲು ನಿಗದಿತ ಶುಲ್ಕದ ಕಾಲಂ ಓದಿ, ನಿಮ್ಮ ಮನೆಯ ಕಿಲೋವ್ಯಾಟಿನಿಂದ ಗುಣಿಸಿ, ಆಕ್ಷೇಪಣೆಯನ್ನು ಬರಹದಲ್ಲಿ ಕೊಡಿ.

ಇಂತಿ,
ಮೂರು ಕಿಲೋವ್ಯಾಟಿನ ಒಬ್ಬ ಗ್ರಾಹಕ
ಮಂಗಳೂರು