ಚದುರಿದ ರಜೆ

ಎಸ್ಸೆಸ್ಸೆಲ್ಸಿಗೂ ಲೆಕ್ಕಪತ್ರ ಮುಗಿಸೋದಕ್ಕೂ ಮಾರ್ಚೇ ಯಾಕೆ ಬೇಕೋ! ನನ್ನ ರಜೆ ಅರ್ಜಿ ನೋಡಿ ಮ್ಯಾನೇಜರ್ ಕನ್ನಡಕ ಏರಿಸಿದರು.

“ಏನ್ ಮೇಡಂ, ಒಗ್ಗರಣೆಗೆ ಸಾಸಿವೆ ಉದುರಿಸಿದ ಹಾಗಿದೆ! ಒಟ್ಟಿಗೆ ಒಂದು ವಾರ ತಗೊಳ್ಳಬಾರದಾ?”

“ಪರೀಕ್ಷೆ ಒಟ್ಟಿಗೆ ಬರಲ್ವಲ್ಲ ಸರ್. ಗಣಿತ, ವಿಜ್ಞಾನದ ಹಿಂದಿನ ದಿನ ಪೂರ್ತಿ ರಜೆ. ಮಿಕ್ಕ ಪೇಪರಿಗೆ ಮಗನನ್ನ ಸೆಂಟರ್‌ಗೆ ಬಿಟ್ಟು ಸ್ವಲ್ಪ ತಡವಾಗಿ ಬರ್ತೀನಿ.”

ಜೊತೆಗೆ ಕೆಲಸದ ಪಟ್ಟಿಯನ್ನೂ ಪಿನ್ ಮಾಡಿದ್ದೆ. 14ಕ್ಕೆ ಜಿಎಸ್‌ಟಿಆರ್-2ಬಿ ಬಂದ ಕೂಡಲೇ ಖರೀದಿ ಬಿಲ್ ತಾಳೆ. 20ಕ್ಕೆ 3ಬಿ ಸಲ್ಲಿಸುವವರೆಗೆ ರಜೆಯ ಮಾತಿಲ್ಲ, 31ಕ್ಕಂತೂ ಇಲ್ಲವೇ ಇಲ್ಲ. ನಗದು ಪೆಟ್ಟಿಗೆ, ವೋಚರ್ ಪುಸ್ತಕ ಪಕ್ಕದ ಮೇಜಿನವರಿಗೆ, ಎಣಿಸಿ ಸಹಿ ಹಾಕಿಸಿಕೊಂಡು. ಬ್ಯಾಂಕಿನ ಒಟಿಪಿ ಬರೋದು ನನ್ನ ಫೋನಿಗೇ. ಹಾಗಾಗಿ ರಜೆಯ ದಿನ ಪಾವತಿಗಳೆಲ್ಲ ಬೆಳಿಗ್ಗೆ 11ಕ್ಕೆ. ಆಮೇಲೆ ಫೋನ್ ಸೈಲೆಂಟ್.

“ಶನಿವಾರ ಬಿಟ್ಟು ಸೋಮವಾರ ಮಾತ್ರ ಕೇಳಿದ್ದೀರಲ್ಲ?”

“ಎರಡೂ ತಗೊಂಡ್ರೆ ನಮ್ಮ ನಿಯಮದಲ್ಲಿ ನಡುವಿನ ಭಾನುವಾರವೂ ರಜೆ ಲೆಕ್ಕಕ್ಕೆ ಹೋಗುತ್ತೆ ಸರ್.”

ಅವರು ನಕ್ಕು ಸಹಿ ಹಾಕಿದರು.

ಮನೆಗೆ ಬಂದು ಮಗನಿಗೆ ಹೇಳಿದರೆ ಅವನ ಮುಖ ಸಪ್ಪಗಾಯಿತು. “ಅಮ್ಮಾ, ನೀನು ಮನೇಲಿದ್ರೆ ನಾನು ಓದೋದು ಹೇಗೆ?”